ದಿನ, ಅವಧಿ ಇನ್ನೂ ಗಟ್ಟಿಯಾಗದ ಪ್ಯಾನೆಲ್‌ಗೆ ಅತಿಥಿಯನ್ನು ಕರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾನೆಲ್ ಚರ್ಚೆ ಏರ್ಪಡಿಸುವವರಿಗೆ ಬರುವ ಮೊದಲ ತೊಡಕು ಇದು. ವಿಷಯ ಸಿದ್ಧವಿದೆ, ಯಾರನ್ನು ಕರೆಯಬೇಕು ಅನ್ನುವುದೂ ಗೊತ್ತಿದೆ. ಆದರೆ ಸೆಷನ್ ಯಾವ ದಿನ, ಎಷ್ಟು ಹೊತ್ತು, ಯಾವ ರೀತಿ, ಪ್ರಯಾಣ ಮತ್ತು ವಸತಿ ಹೇಗೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಇಂಥ ಸ್ಥಿತಿಯಲ್ಲಿ ಕಳಿಸುವ ಆಹ್ವಾನದ ಬಗ್ಗೆ ಆಯೋಜಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ನಗರಗಳಲ್ಲಿ ಮಳೆನೀರು ನಿಲ್ಲುವ ಸಮಸ್ಯೆ ಕುರಿತ ಪ್ಯಾನೆಲ್. ನಾಲ್ವರು ಅತಿಥಿಗಳು, ನಡೆಸಿಕೊಡಲು ಒಬ್ಬ ಮಾಡರೇಟರ್. 2026ರ ಮಾರ್ಚ್ 12 ಮತ್ತು 13ರಂದು ಎರಡು ದಿನಗಳ ಸಮ್ಮೇಳನ. ಪ್ಯಾನೆಲ್ ಯಾವ ದಿನ ಬರುತ್ತದೆ ಅನ್ನುವುದನ್ನು ಕಾರ್ಯಕ್ರಮ ಸಮಿತಿ ಇನ್ನೂ ಹೇಳಿಲ್ಲ.

ಎಲ್ಲ ಗಟ್ಟಿಯಾಗುವವರೆಗೆ ಕಾದು, ಆಮೇಲೆ ಕರೆಯುವುದೇ ಒಳ್ಳೆಯದಲ್ವಾ?

ಕಾಯುತ್ತಾ ಕೂತರೆ ಏನೂ ಗಟ್ಟಿಯಾಗುವುದಿಲ್ಲ. ಅತಿಥಿಗಳು ಯಾವಾಗ ಸಿಗುತ್ತಾರೆ ಅಂತ ಗೊತ್ತಾಗದೆ ಸಮಿತಿ ದಿನ ಹೇಳುವುದಿಲ್ಲ. ದಿನ ಗೊತ್ತಾಗದೆ ಅತಿಥಿಗಳು ಒಪ್ಪುವುದಿಲ್ಲ. ಈ ಸುತ್ತನ್ನು ಯಾರಾದರೂ ಒಂದು ಕಡೆ ಮುರಿಯಬೇಕು, ಅದು ಆಯೋಜಕರ ಕೆಲಸ. ನಮ್ಮ ಉದಾಹರಣೆಯಲ್ಲಿ ಜನವರಿ 5ಕ್ಕೆ ಆಹ್ವಾನ ಹೊರಟರೆ ಸಮ್ಮೇಳನಕ್ಕೆ ಒಂಬತ್ತು ವಾರಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಇರುತ್ತದೆ. ದೂರದಿಂದ ಬರುವವರಿದ್ದರೆ ಅದೂ ಬಿಗಿಯೇ.

ಆದರೆ ಏನೂ ಗೊತ್ತಿಲ್ಲದೆ ಕರೆಯಬಾರದು. ಆರು ವಿಷಯಗಳು ಗಟ್ಟಿಯಾಗಿದ್ದರೆ ಮಾತ್ರ ಅದು ಆಹ್ವಾನ: ಚರ್ಚೆಯ ವಿಷಯ, ಇವರನ್ನೇ ಕರೆಯಲು ಕಾರಣ, ಏರ್ಪಡಿಸುತ್ತಿರುವವರು ಯಾರು, ದಿನ ಯಾವ ಮಿತಿಯೊಳಗೆ ಬರುತ್ತದೆ, ದೂರದಿಂದಲೇ ಸೇರಬಹುದೋ ಇಲ್ಲವೋ, ಗೌರವಧನ ಇದೆಯೋ ಇಲ್ಲವೋ. ಇವುಗಳಲ್ಲಿ ಒಂದು ಕೂಡ ತೇಲುತ್ತಿದ್ದರೆ ಆಹ್ವಾನ ಕಳಿಸಬೇಡಿ. ‘ಈ ವಿಷಯದ ಮೇಲೆ ಮಾತಾಡಲು ಆಸಕ್ತಿ ಇದೆಯಾ?’ ಅಂತ ನಾಲ್ಕು ಸಾಲಿನ ವಿಚಾರಣೆ ಕಳಿಸಿ. ಅದರಲ್ಲಿ ದಿನ ಕಾದಿರಿಸಿ ಅಂತ ಕೇಳಬೇಡಿ.

ಗೌರವಧನದ ವಿಷಯದಲ್ಲಿ ಸಂಕೋಚ ಬೇಡ. ಇಲ್ಲ ಅಂದರೆ ಇಲ್ಲ ಅಂತಲೇ ಮೊದಲ ಪತ್ರದಲ್ಲಿ ಬರೆಯಿರಿ. ಮೂರನೇ ಪತ್ರದಲ್ಲಿ ಗೊತ್ತಾದಾಗ ಅತಿಥಿಗೆ ಆಗುವ ಬೇಸರ ದೊಡ್ಡದು. ಮೊದಲೇ ಗೊತ್ತಿದ್ದರೆ ಬಹಳ ಜನ ಸಂತೋಷವಾಗಿಯೇ ಬರುತ್ತಾರೆ.

ತೀರ್ಮಾನವಾಗದ ವಿಷಯಗಳಿಗೆ ‘ನಂತರ ತಿಳಿಸುತ್ತೇವೆ’ ಅಂತ ಬರೆದರೆ ಸಾಕಾಗುವುದಿಲ್ಲವಾ?

ಸಾಕಾಗುವುದಿಲ್ಲ. ಇಂಥ ಆಹ್ವಾನಗಳು ಕೆಡುವುದೇ ಈ ಎರಡು ಪದಗಳಲ್ಲಿ. ಓದುವವರ ಕಡೆಯಿಂದ ನೋಡಿ. ‘ದಿನಾಂಕ ನಂತರ ತಿಳಿಸುತ್ತೇವೆ’ ಅಂದಾಗ ಅವರಿಗೆ ಎರಡು ದಿನ ಖಾಲಿ ಇಟ್ಟುಕೊಳ್ಳಬೇಕೋ, ಎರಡು ತಿಂಗಳೋ ತಿಳಿಯುವುದಿಲ್ಲ. ಯಾವಾಗ ತಿಳಿಸುತ್ತಾರೆ ಅನ್ನುವುದೂ ಗೊತ್ತಿಲ್ಲ. ಹೀಗಾಗಿ ಅವರು ಉತ್ತರವನ್ನೇ ಮುಂದಕ್ಕೆ ಹಾಕುತ್ತಾರೆ. ನಿಮಗೆ ಅದು ಮೌನವಾಗಿ ಕಾಣುತ್ತದೆ.

ತೀರ್ಮಾನವಾಗದ ಪ್ರತಿಯೊಂದು ವಿಷಯಕ್ಕೂ ಮೂರು ಮಾಹಿತಿ ಕೊಡಿ. ಒಂದು, ಅದು ಯಾವ ಮಿತಿಯೊಳಗೆ ಇರುತ್ತದೆ. ಎರಡು, ಅದು ಯಾರ ಅಥವಾ ಯಾವುದರ ಮೇಲೆ ನಿಂತಿದೆ. ಮೂರು, ಯಾವ ದಿನದೊಳಗೆ ಹೇಳುತ್ತೀರಿ. ನಮ್ಮ ಪ್ಯಾನೆಲ್‌ನ ದಿನಾಂಕವನ್ನು ಹೀಗೆ ಬರೆಯಬಹುದು: ‘ಮಾರ್ಚ್ 12 ಗುರುವಾರ ಅಥವಾ 13 ಶುಕ್ರವಾರ. ಸಮಿತಿ ಸಭಾಂಗಣ ಹಂಚಿದ ಮೇಲೆ ಇದು ತೀರ್ಮಾನವಾಗುತ್ತದೆ. ಜನವರಿ 30ರೊಳಗೆ ನಿಮಗೆ ತಿಳಿಸುತ್ತೇವೆ.’ ದಿನ ಇನ್ನೂ ಗಟ್ಟಿಯಾಗಿಲ್ಲ. ಆದರೂ ಓದಿದವರು ಕ್ಯಾಲೆಂಡರ್ ತೆಗೆದು ನೋಡಿ ಉತ್ತರ ಕೊಡಬಹುದು.

ಇದಕ್ಕೆ ನಾನು ಯಾವಾಗಲೂ ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ಆ ದಿನದೊಳಗೆ ನಾವು ಹೇಳದಿದ್ದರೆ ಏನು ಅನ್ನುವುದು. ‘ಜನವರಿ 30ಕ್ಕೆ ನಮ್ಮಿಂದ ಸುದ್ದಿ ಬರದಿದ್ದರೆ ನೀವು ಕಾದಿರಿಸಿದ ಸಮಯ ಬಿಟ್ಟುಬಿಡಬಹುದು, ನಮಗೆ ಹೇಳಬೇಕಾಗಿಯೂ ಇಲ್ಲ.’ ಈ ಸಾಲು ಬರೆಯಲು ಆಯೋಜಕರಿಗೆ ಭಯ. ಅತಿಥಿ ಕೈತಪ್ಪಿ ಹೋದರೆ ಅಂತ. ಆದರೆ ಈ ಸಾಲು ಇದ್ದರೆ ಅತಿಥಿ ಧೈರ್ಯವಾಗಿ ಎರಡೂ ದಿನ ಹಿಡಿದಿಡುತ್ತಾರೆ, ಯಾಕೆಂದರೆ ಹಿಡಿದಿಟ್ಟದ್ದಕ್ಕೆ ಒಂದು ಕೊನೆ ಇದೆ.

ಒಂದು ಮಾದರಿ ಪತ್ರ ತೋರಿಸಬಹುದಾ?

ಖಂಡಿತ. ಮೊದಲು, ಸಾಮಾನ್ಯವಾಗಿ ಹೊರಡುವ ಪತ್ರ ಹೀಗಿರುತ್ತದೆ:

‘ಮಾರ್ಚ್‌ನಲ್ಲಿ ನಡೆಯಲಿರುವ ನಮ್ಮ ಸಮ್ಮೇಳನದ ಪ್ಯಾನೆಲ್‌ನಲ್ಲಿ ಭಾಗವಹಿಸಲು ತಮ್ಮನ್ನು ಆದರದಿಂದ ಆಹ್ವಾನಿಸುತ್ತೇವೆ. ದಿನಾಂಕ, ಸಮಯ, ಸ್ವರೂಪ ಮತ್ತು ಇತರ ವಿವರಗಳನ್ನು ಶೀಘ್ರದಲ್ಲೇ ತಿಳಿಸಲಾಗುವುದು. ದಯವಿಟ್ಟು ತಮ್ಮ ಒಪ್ಪಿಗೆ ತಿಳಿಸಿ.’

ಸೌಜನ್ಯಕ್ಕೇನೂ ಕೊರತೆಯಿಲ್ಲ, ಆದರೆ ಒಪ್ಪಿಗೆ ಕೊಡಲು ಇದರಲ್ಲಿ ಏನೂ ಇಲ್ಲ. ಅದೇ ಪತ್ರ ಹೀಗಾದರೆ:

‘ನಮಸ್ಕಾರ. 2026ರ ಮಾರ್ಚ್ 12 ಮತ್ತು 13ರ ಸಮ್ಮೇಳನದಲ್ಲಿ “ಮಳೆನೀರು ಎಲ್ಲಿಗೆ ಹೋಗಬೇಕು?” ಎಂಬ ಪ್ಯಾನೆಲ್ ಚರ್ಚೆ ಇಟ್ಟುಕೊಂಡಿದ್ದೇವೆ. ಹಳೆಯ ಚರಂಡಿಗಳ ಅಳತೆ ಇವತ್ತಿನ ಮಳೆಗೆ ಯಾಕೆ ಸಾಲುವುದಿಲ್ಲ ಅನ್ನುವ ಬಗ್ಗೆ ನೀವು ಮಾಡಿರುವ ಕೆಲಸ ಈ ಚರ್ಚೆಗೆ ಬೇಕು. ಉಳಿದ ಮೂವರಲ್ಲಿ ಆ ಭಾಗ ಬಲ್ಲವರು ಇಲ್ಲ.

ಗಟ್ಟಿಯಾಗಿರುವುದು: ನಾಲ್ವರು ಅತಿಥಿಗಳು, ಒಬ್ಬ ಮಾಡರೇಟರ್. ಸ್ಲೈಡ್ ಇಲ್ಲ. ಸಭಾಂಗಣಕ್ಕೆ ಬಂದಾದರೂ ಸೇರಬಹುದು, ಆನ್‌ಲೈನ್‌ನಲ್ಲಾದರೂ ಸೇರಬಹುದು. ಬರುವುದಾದರೆ ಪ್ರಯಾಣ ಮತ್ತು ಎರಡು ರಾತ್ರಿಯ ವಸತಿಯ ವೆಚ್ಚ ನಮ್ಮದು. ಗೌರವಧನ ಇರುವುದಿಲ್ಲ.

ಇನ್ನೂ ತೀರ್ಮಾನವಾಗಬೇಕಾದದ್ದು: ದಿನ (12 ಅಥವಾ 13, ಎರಡೂ ದಿನ ವಿಶ್ವ ಪ್ರಮಾಣ ಸಮಯ ಯುಟಿಸಿ 15:00ಕ್ಕೆ), ಅವಧಿ (45 ಅಥವಾ 60 ನಿಮಿಷ). ಇವೆರಡನ್ನೂ ಜನವರಿ 30ರೊಳಗೆ ಹೇಳುತ್ತೇವೆ. ಆ ದಿನಕ್ಕೆ ನಮ್ಮಿಂದ ಸುದ್ದಿ ಬರದಿದ್ದರೆ ಕಾದಿರಿಸಿದ ಸಮಯವನ್ನು ಬಿಟ್ಟುಬಿಡಿ.

ನಿಮ್ಮಿಂದ ಬೇಕಾದದ್ದು: ಚರ್ಚೆಯಲ್ಲಿ ಒಟ್ಟು 6ರಿಂದ 8 ನಿಮಿಷ ಮಾತು, ಮಾರ್ಚ್ ಮೊದಲ ವಾರದಲ್ಲಿ ಅರ್ಧ ಗಂಟೆಯ ಒಂದು ಪೂರ್ವಸಿದ್ಧತೆ ಕರೆ. ಬೇರೆ ಏನೂ ಬರೆದುಕೊಡಬೇಕಿಲ್ಲ.

ಜನವರಿ 16ರೊಳಗೆ ಇಷ್ಟು ತಿಳಿಸಿದರೆ ಸಾಕು: ಎರಡೂ ದಿನ ಆಗುತ್ತದೆಯೋ, ಒಂದೇ ದಿನವೋ, ಅಥವಾ ಈ ಬಾರಿ ಆಗುವುದಿಲ್ಲವೋ.’

ಕೊನೆಯ ಸಾಲನ್ನು ಗಮನಿಸಿ. ಮೂರು ಉತ್ತರ ಮುಂದಿಟ್ಟಿದ್ದೇವೆ, ಅದರಲ್ಲಿ ‘ಆಗುವುದಿಲ್ಲ’ ಅನ್ನುವುದೂ ಸೇರಿದೆ. ಇಲ್ಲ ಅನ್ನಲು ದಾರಿ ಇದ್ದರೆ ಉತ್ತರ ಬೇಗ ಬರುತ್ತದೆ. ಆಗ ನೀವು ಮುಂದಿನವರನ್ನು ಕೇಳಬಹುದು.

ಅವಧಿ 45 ನಿಮಿಷವೋ 60 ನಿಮಿಷವೋ ಗೊತ್ತಿಲ್ಲ. ಅಷ್ಟು ಸಣ್ಣ ವ್ಯತ್ಯಾಸ ಅತಿಥಿಗೆ ಮುಖ್ಯವಾ?

ಸೆಷನ್ ಅವಧಿ ಅವರಿಗೆ ಅಷ್ಟು ಮುಖ್ಯವಲ್ಲ. ತಮಗೆ ಸಿಗುವ ಮಾತಿನ ಸಮಯ ಮುಖ್ಯ. ಅದನ್ನು ನೀವು ಲೆಕ್ಕ ಹಾಕಿ ಹೇಳಬೇಕು.

60 ನಿಮಿಷದ ಸೆಷನ್ ತಗೊಳ್ಳಿ. ಪರಿಚಯಕ್ಕೆ 5 ನಿಮಿಷ. ಸಭಿಕರ ಪ್ರಶ್ನೆಗೆ 15. ಮುಕ್ತಾಯಕ್ಕೆ 2. ಉಳಿದದ್ದು 38. ಇದರಲ್ಲಿ ಮಾಡರೇಟರ್ ಪ್ರಶ್ನೆ ಕೇಳಲು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಲು 6 ನಿಮಿಷ ಬೇಕು. 32 ನಿಮಿಷವನ್ನು ನಾಲ್ವರಿಗೆ ಹಂಚಿದರೆ ತಲಾ 8. ಈಗ 45 ನಿಮಿಷದ್ದು ನೋಡಿ. ಪರಿಚಯ 4, ಪ್ರಶ್ನೆ 10, ಮುಕ್ತಾಯ 1, ಮಾಡರೇಟರ್‌ಗೆ 5. ಉಳಿಯುವುದು 25, ಅಂದರೆ ತಲಾ 6 ನಿಮಿಷ ಚಿಲ್ಲರೆ. ಹಿಂದಿನ ಸೆಷನ್ ಐದು ನಿಮಿಷ ತಡವಾಗಿ ಮುಗಿದರೆ ಇದೂ ಕರಗಿ 5ಕ್ಕೆ ಇಳಿಯುತ್ತದೆ.

ಹೀಗಾಗಿ ‘ಅವಧಿ ಇನ್ನೂ ಗೊತ್ತಿಲ್ಲ, ಆದರೆ ನಿಮ್ಮ ಪಾಲಿಗೆ 6ರಿಂದ 8 ನಿಮಿಷ’ ಅಂತ ಧೈರ್ಯವಾಗಿ ಬರೆಯಬಹುದು. ಅವರು ಅಷ್ಟಕ್ಕೆ ತಯಾರಾಗುತ್ತಾರೆ. ಇದನ್ನು ಹೇಳದೆ ಬಿಟ್ಟರೆ ಬಹಳ ಅತಿಥಿಗಳು ತಮ್ಮದೇ ಭಾಷಣ ಅಂದುಕೊಂಡು 20 ನಿಮಿಷದ ಮಾತು ಸಿದ್ಧ ಮಾಡಿಕೊಂಡು ಬರುತ್ತಾರೆ. ಮೊದಲನೆಯವರು ಅಷ್ಟೂ ಹೇಳಿ ಮುಗಿಸಿದರೆ ನಾಲ್ಕನೆಯವರಿಗೆ ಉಳಿಯುವುದು ನಮಸ್ಕಾರ ಹೇಳುವಷ್ಟು ಸಮಯ. ದೂರದಿಂದ ಬಂದವರಿಗೆ ಹಾಗೆ ಮಾಡುವುದು ಅನ್ಯಾಯ.

ಅವಧಿಯ ಆಯ್ಕೆಗಳು ತೀರಾ ದೂರ ಇದ್ದರೆ, ಉದಾಹರಣೆಗೆ 45 ಅಥವಾ 90, ಆಗ ಈ ಉಪಾಯ ನಡೆಯುವುದಿಲ್ಲ. 90 ನಿಮಿಷದಲ್ಲಿ ತಲಾ 12 ನಿಮಿಷ ಸಿಗುತ್ತದೆ. ಅದಕ್ಕೆ ಬೇಕಾದ ತಯಾರಿಯೇ ಬೇರೆ. ಅಂಥ ಸಂದರ್ಭದಲ್ಲಿ ಮೊದಲು ಸಮಿತಿಯನ್ನೇ ಒತ್ತಾಯಿಸಿ ಒಂದನ್ನು ಆರಿಸಿಕೊಳ್ಳಿ.

ಸ್ವರೂಪ ಗಟ್ಟಿಯಾಗಿಲ್ಲ ಅಂತ ಹೇಳುವುದು ಎಷ್ಟರ ಮಟ್ಟಿಗೆ ಸರಿ?

ಸ್ವರೂಪ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ವಿಷಯ ಅಡಗಿರುತ್ತವೆ, ಅವನ್ನು ಬೆರೆಸಬೇಡಿ.

ಒಂದು, ಚರ್ಚೆ ಹೇಗೆ ಸಾಗುತ್ತದೆ ಅನ್ನುವುದು. ಪ್ರತಿಯೊಬ್ಬರೂ ಮೊದಲು ಮೂರು ನಿಮಿಷ ಮಾತಾಡಿ ಆಮೇಲೆ ಚರ್ಚೆಯೋ, ನೇರವಾಗಿ ಪ್ರಶ್ನೋತ್ತರವೋ, ಸಭಿಕರ ಪ್ರಶ್ನೆ ನಡುವೆಯೋ ಕೊನೆಯಲ್ಲೋ. ಇದು ತಡವಾಗಿ ತೀರ್ಮಾನವಾದರೂ ನಡೆಯುತ್ತದೆ. ಪೂರ್ವಸಿದ್ಧತೆ ಕರೆಯಲ್ಲಿ ಅತಿಥಿಗಳ ಜೊತೆಗೇ ಕೂತು ತೀರ್ಮಾನಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು, ಅತಿಥಿಯ ಪಾತ್ರ ಏನು ಅನ್ನುವುದು. ಮಾತುಕತೆಯೋ, ಪರ ವಿರೋಧದ ವಾದವೋ? ಒಬ್ಬರೇ ಮಾತಾಡಬೇಕೋ, ನಾಲ್ವರಲ್ಲಿ ಒಬ್ಬರೋ? ಸ್ಲೈಡ್ ಬೇಕೋ ಬೇಡವೋ? ವೀಡಿಯೊ ದಾಖಲಾಗುತ್ತದೋ ಇಲ್ಲವೋ? ಇವು ಆಹ್ವಾನ ಹೋಗುವ ಮೊದಲೇ ಗೊತ್ತಿರಬೇಕು. ಮಾತುಕತೆಗೆ ಒಪ್ಪಿದವರು ವಾದಕ್ಕೆ ಒಪ್ಪಿದ್ದಾರೆ ಅಂತ ಅಲ್ಲ. ಆಮೇಲೆ ಪಾತ್ರ ಬದಲಾದರೆ ಹಳೆಯ ಒಪ್ಪಿಗೆ ಮುಗಿಯಿತು ಅಂತಲೇ ತಿಳಿದು, ಹೊಸದಾಗಿ ಕೇಳಬೇಕು.

ದಾಖಲೆಯ ಬಗ್ಗೆ ಒಂದು ಮಾತು. ವೀಡಿಯೊ ಮಾಡಿ ಆಮೇಲೆ ಎಲ್ಲರಿಗೂ ಕಾಣುವಂತೆ ಹಾಕುತ್ತೀರಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ತಗೊಳ್ಳಿ. ಕೆಲವರು ಕೆಲಸ ಮಾಡುವ ಕಡೆ ಅದಕ್ಕೆ ಅನುಮತಿ ಬೇಕಾಗಿರುತ್ತದೆ, ಆ ಅನುಮತಿಗೆ ವಾರಗಟ್ಟಲೆ ಹಿಡಿಯಬಹುದು.

ಎಷ್ಟು ದಿನಗಳನ್ನು ಕಾದಿರಿಸಿ ಅಂತ ಕೇಳಬಹುದು? ಕ್ಯಾಲೆಂಡರ್‌ನಲ್ಲಿ ಹೇಗೆ ಹಾಕುವುದು?

ಎರಡು, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ಆದರೆ ನಿಮ್ಮ ತೀರ್ಮಾನದ ಭಾರವನ್ನು ಅವರ ಮೇಲೆ ಹಾಕಿದಂತೆ. ಇಡೀ ದಿನ ಕೇಳಬೇಡಿ, ಗಂಟೆ ಹೇಳಿ. ‘12 ಮತ್ತು 13’ ಅನ್ನುವುದಕ್ಕಿಂತ ‘ಎರಡೂ ದಿನ 15:00ರಿಂದ 16:00’ ಅನ್ನುವುದು ಅವರಿಗೆ ಬಹಳ ಹಗುರ. ಬರುವವರಾದರೆ ಪ್ರಯಾಣದ ಸಮಯವೂ ಸೇರುತ್ತದೆ, ಅದನ್ನು ಬಿಡಿಸಿ ಹೇಳಿ.

ಕ್ಯಾಲೆಂಡರ್ ಆಹ್ವಾನ ಕಳಿಸುವಾಗ ಅದು ಇನ್ನೂ ತಾತ್ಕಾಲಿಕ ಅಂತ ಕಾಣುವಂತೆ ಇರಲಿ. ಹೆಸರಿನಲ್ಲೇ ‘ಕಾದಿರಿಸಿದ ಸಮಯ, ಜನವರಿ 30ರವರೆಗೆ’ ಅಂತ ಬರೆದರೆ ಯಾವ ಆ್ಯಪ್‌ನಲ್ಲಾದರೂ ತಿಳಿಯುತ್ತದೆ. ಕ್ಯಾಲೆಂಡರ್ ಫೈಲನ್ನು ನೀವೇ ತಯಾರಿಸುವುದಾದರೆ ಅದರೊಳಗೆ ಈ ಸ್ಥಿತಿಯನ್ನು ಹೇಳುವ ಸಾಲೇ ಇದೆ:

```
BEGIN:VEVENT
UID:panel-hold-12@example.org
SEQUENCE:0
DTSTAMP:20260119T090000Z
DTSTART:20260312T150000Z
DTEND:20260312T160000Z
STATUS:TENTATIVE
SUMMARY:ಕಾದಿರಿಸಿದ ಸಮಯ\, ಜ. 30ರವರೆಗೆ
END:VEVENT
```

ದಿನ ಗಟ್ಟಿಯಾದಾಗ ಹೊಸ ಆಹ್ವಾನ ಕಳಿಸಬೇಡಿ. ಅದೇ `UID` ಇಟ್ಟುಕೊಂಡು, `SEQUENCE` ಒಂದು ಹೆಚ್ಚಿಸಿ, `STATUS` ಅನ್ನು `CONFIRMED` ಮಾಡಿ ಕಳಿಸಿ. ಆಗ ಹಳೆಯ ನಮೂದೇ ಬದಲಾಗುತ್ತದೆ. ಹೊಸದೊಂದು ಕಳಿಸಿದರೆ ಅತಿಥಿಯ ಕ್ಯಾಲೆಂಡರ್‌ನಲ್ಲಿ ಒಂದೇ ಪ್ಯಾನೆಲ್ ಎರಡು ಬಾರಿ ಕೂರುತ್ತದೆ. ಆಮೇಲೆ ಸಮಯ ಬದಲಾದರೆ ಒಂದು ಸರಿಯಾಗಿ, ಇನ್ನೊಂದು ತಪ್ಪಾಗಿ ಉಳಿಯುತ್ತದೆ. ಆ್ಯಪ್ ಮೂಲಕ ಮಾಡುವವರು ಹಳೆಯ ನಮೂದನ್ನೇ ತೆರೆದು ತಿದ್ದಿದರೆ ಸಾಕು, ಇದೆಲ್ಲ ಅದೇ ನೋಡಿಕೊಳ್ಳುತ್ತದೆ. ಬೇಡವಾದ ದಿನದ ನಮೂದನ್ನು ಅವತ್ತೇ ರದ್ದು ಮಾಡಿ. ಇದನ್ನು ಮರೆಯುವವರೇ ಜಾಸ್ತಿ.

ಅತಿಥಿ ಬೇರೆ ದೇಶದಲ್ಲಿದ್ದಾರೆ. ಸಮಯ ಹೇಗೆ ಬರೆಯಲಿ?

ಯುಟಿಸಿ ಸಮಯ ಬರೆಯಿರಿ, ಪಕ್ಕದಲ್ಲಿ ಅವರ ಊರಿನ ಸಮಯವನ್ನೂ ಬರೆಯಿರಿ. ವಾರದ ಹೆಸರು ಬಿಡಬೇಡಿ, ಯಾಕೆಂದರೆ ನಿಮಗೆ ಗುರುವಾರ ಇದ್ದಾಗ ಅವರಿಗೆ ಶುಕ್ರವಾರ ಆಗಿರಬಹುದು.

ಮಾರ್ಚ್ ತಿಂಗಳು ಇದಕ್ಕೆ ವಿಶೇಷವಾಗಿ ತೊಡಕಿನದು. 2026ರಲ್ಲಿ ಅಮೆರಿಕದ ಬಹುಪಾಲು ಕಡೆ ಬೇಸಿಗೆ ಸಮಯಕ್ಕಾಗಿ ಗಡಿಯಾರ ಮಾರ್ಚ್ 8ರಂದು ಒಂದು ಗಂಟೆ ಮುಂದೆ ಹೋಗುತ್ತದೆ. ಯುರೋಪಿನಲ್ಲಿ ಮಾರ್ಚ್ 29ರಂದು. ನಮ್ಮ ಸೆಷನ್ ಸರಿಯಾಗಿ ಇವೆರಡರ ನಡುವೆ ಬರುತ್ತದೆ. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ ಐದು ಗಂಟೆ ಅಂತರ. ಆ ಮೂರು ವಾರ ನಾಲ್ಕು. ಪೂರ್ವಸಿದ್ಧತೆ ಕರೆಯನ್ನು ಮಾರ್ಚ್ 4ಕ್ಕೆ 15:00 ಯುಟಿಸಿಗೆ ಇಟ್ಟರೆ ನ್ಯೂಯಾರ್ಕ್‌ನ ಅತಿಥಿಗೆ ಅದು ಬೆಳಗ್ಗೆ 10. ಮಾರ್ಚ್ 12ರ ಸೆಷನ್ ಅದೇ 15:00 ಯುಟಿಸಿಗೆ ಇದ್ದರೂ ಅವರಿಗೆ ಬೆಳಗ್ಗೆ 11. ‘ಕರೆ ಇದ್ದ ಸಮಯಕ್ಕೇ ಸೆಷನ್’ ಅಂತ ಬರೆದರೆ ಅವರು ಒಂದು ಗಂಟೆ ಮೊದಲೇ ಬಂದು ಕೂರುತ್ತಾರೆ. ಇದು ಶರತ್ಕಾಲದಲ್ಲಿ ಉಲ್ಟಾ ಆದರೆ ಸೆಷನ್ ತಪ್ಪಿಯೇ ಹೋಗಬಹುದು.

ಪ್ರಯಾಣ, ವಸತಿ ವಿಷಯ ಎಷ್ಟು ದಿನ ತೆರೆದಿಡಬಹುದು?

ಯಾರು ದುಡ್ಡು ಕೊಡುತ್ತಾರೆ ಅನ್ನುವುದನ್ನು ಒಂದು ದಿನವೂ ತೆರೆದಿಡಬಾರದು. ಉಳಿದದ್ದಕ್ಕೆ ಕಾಲಾವಕಾಶ ಇದೆ. ಯಾವ ಹೋಟೆಲ್, ಯಾರು ಕರೆದುಕೊಂಡು ಬರುತ್ತಾರೆ, ಯಾವ ಮೈಕ್ ಇವೆಲ್ಲ ಕೊನೆಯ ಎರಡು ವಾರದಲ್ಲಿ ಹೇಳಿದರೂ ಆಗುತ್ತದೆ.

ದುಡ್ಡಿನ ವಿಷಯದಲ್ಲಿ ‘ವೆಚ್ಚ ನಮ್ಮದು’ ಅಂದರೆ ಎರಡು ಅರ್ಥ ಬರುತ್ತದೆ. ನೀವೇ ಟಿಕೆಟ್ ತೆಗೆಯುತ್ತೀರೋ, ಅವರು ತೆಗೆದು ಆಮೇಲೆ ಬಿಲ್ ಕೊಡಬೇಕೋ? ಎರಡನೆಯದಾದರೆ ಎಷ್ಟು ದಿನದಲ್ಲಿ ಹಣ ವಾಪಸ್ ಬರುತ್ತದೆ? ಕೈಯಿಂದ ಹಾಕಿ ತಿಂಗಳುಗಟ್ಟಲೆ ಕಾಯುವುದು ಎಲ್ಲರಿಗೂ ಆಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ. ನೀವೇ ಮೊದಲು ಹೇಳಿಬಿಡಿ.

ವೀಸಾ ಬೇಕಾದ ಅತಿಥಿ ಇದ್ದರೆ ಕಥೆ ಬದಲಾಗುತ್ತದೆ. ಅರ್ಜಿಗೆ ಆಹ್ವಾನ ಪತ್ರ ಬೇಕು, ಪತ್ರದಲ್ಲಿ ದಿನಾಂಕ ಬೇಕು. ಉದಾಹರಣೆಗೆ ಯುರೋಪಿನ ಶೆಂಗೆನ್ ದೇಶಗಳ ಅಲ್ಪಾವಧಿ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45 ದಿನದವರೆಗೂ ಹೋಗಬಹುದು. ಜನವರಿ 30ಕ್ಕೆ ದಿನ ಹೇಳಿ, ಫೆಬ್ರವರಿ 3ಕ್ಕೆ ಪತ್ರ ಕೊಟ್ಟರೆ ಮಾರ್ಚ್ 12ಕ್ಕೆ ಉಳಿಯುವುದು 37 ದಿನ. 45 ದಿನ ಹಿಡಿಯಿತು ಅಂದರೆ ಅತಿಥಿ ಬರಲಾರರು. ಇಂಥವರಿಗೆ ಸೆಷನ್ ದಿನಕ್ಕೆ ಕಾಯದೆ, ಸಮ್ಮೇಳನದ ಎರಡೂ ದಿನಗಳನ್ನು ಹಾಕಿ ಪತ್ರ ಕೊಡಿ. ಸಮ್ಮೇಳನದ ದಿನ ಹೇಗೂ ಗಟ್ಟಿಯಾಗಿದೆ, ಪ್ಯಾನೆಲ್ ಯಾವ ದಿನ ಬಂದರೂ ಪತ್ರ ನಡೆಯುತ್ತದೆ. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ. ಜೊತೆಗೆ, ವೀಸಾ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಸೇರಬಹುದಾ ಅನ್ನುವುದನ್ನು ಅವತ್ತೇ ಮಾತಾಡಿಕೊಳ್ಳಿ.

ಇನ್ನೊಂದು: ಗಾಲಿಕುರ್ಚಿ, ಸಂಜ್ಞಾಭಾಷೆ, ಊಟದ ನಿಯಮ, ಮಗುವನ್ನು ಕರೆತರುವುದು, ಇಂಥ ಅಗತ್ಯಗಳನ್ನು ಸಭಾಂಗಣ ಆರಿಸುವ ಮೊದಲೇ ಕೇಳಿ. ಆರಿಸಿದ ಮೇಲೆ ಕೇಳಿದರೆ ವೇದಿಕೆಗೆ ಮೂರು ಮೆಟ್ಟಿಲು ಇದೆ ಅನ್ನುವುದು ಆಗ ಗೊತ್ತಾಗುತ್ತದೆ.

‘ಆಸಕ್ತಿ ಇದೆ, ನೋಡೋಣ’ ಅಂತ ಉತ್ತರ ಬಂದಿದೆ. ಹೆಸರು ಹಾಕಬಹುದಾ?

ಹಾಕಬಾರದು. ಅದು ಒಪ್ಪಿಗೆ ಅಲ್ಲ. ದಿನ ಗೊತ್ತಿಲ್ಲದೆ ಯಾರೂ ಪೂರ್ತಿ ಒಪ್ಪಲಾರರು, ಅವರು ಪ್ರಾಮಾಣಿಕವಾಗಿ ಹೇಳಿದ್ದಾರೆ ಅಷ್ಟೇ. ದಿನ ಗಟ್ಟಿಯಾಗಿ, ಅದಕ್ಕೆ ಅವರು ‘ಬರುತ್ತೇನೆ’ ಅಂತ ಬರೆದ ಮೇಲೆಯೇ ಪೋಸ್ಟರ್‌ನಲ್ಲಿ ಹೆಸರು.

ಇದೇ ನಿಯಮ ಬೇರೆ ಅತಿಥಿಗಳಿಗೆ ಹೇಳುವಾಗಲೂ ಇರಲಿ. ‘ಜೊತೆಗೆ ಯಾರಿದ್ದಾರೆ?’ ಅಂತ ಎಲ್ಲರೂ ಕೇಳುತ್ತಾರೆ, ಕೇಳುವುದು ಸಹಜ. ಒಪ್ಪಿದವರ ಹೆಸರನ್ನು ಅವರ ಅನುಮತಿ ತಗೊಂಡು ಹೇಳಿ. ಒಪ್ಪದವರ ಬಗ್ಗೆ ‘ಜಲಮಾರ್ಗಗಳ ಯೋಜನೆ ಮಾಡುವ ಒಬ್ಬರನ್ನು ಕೇಳಿದ್ದೇವೆ’ ಅಂತ ಅವರ ಕೆಲಸವನ್ನು ಮಾತ್ರ ಹೇಳಿ. ದೊಡ್ಡ ಹೆಸರನ್ನು ಮುಂದಿಟ್ಟು ಮೂವರನ್ನು ಒಪ್ಪಿಸಿ, ಕೊನೆಗೆ ಆ ದೊಡ್ಡವರೇ ಬರದಿದ್ದರೆ ಮೂವರಿಗೂ ಮೋಸವಾದಂತೆ ಅನಿಸುತ್ತದೆ.

ಯಾರಾದರೂ ತಪ್ಪಿಸಿಕೊಳ್ಳಬಹುದು ಅಂತ ನಾಲ್ಕು ಜಾಗಕ್ಕೆ ಆರು ಜನರನ್ನು ಕರೆಯಲಾ?

ಬೇಡ. ಆರೂ ಜನ ಒಪ್ಪಿದರೆ ಮಾತಿನ ಪಾಲು ಕುಸಿಯುತ್ತದೆ. 45 ನಿಮಿಷದಲ್ಲಿ 25 ನಿಮಿಷ ಆರು ಜನಕ್ಕೆ ಹಂಚಿದರೆ ತಲಾ 4 ನಿಮಿಷ. ಇಲ್ಲವೇ ಇಬ್ಬರಿಗೆ ‘ಬೇಡ’ ಅನ್ನಬೇಕು. ಎರಡೂ ಕೆಟ್ಟದ್ದೇ. ಜಾಗಕ್ಕೆ ಒಬ್ಬರಂತೆ ಕೇಳಿ, ಉತ್ತರಕ್ಕೆ ಗಡುವು ಕೊಡಿ, ಇಲ್ಲ ಅಂದ ಕೂಡಲೇ ಮುಂದಿನವರನ್ನು ಕೇಳಿ. ಪಟ್ಟಿ ಮೊದಲೇ ತಯಾರಿರಲಿ.

ನಾವೇ ಹೇಳಿದ ಜನವರಿ 30 ಬಂತು, ಸಮಿತಿ ಇನ್ನೂ ದಿನ ಕೊಟ್ಟಿಲ್ಲ. ಏನು ಮಾಡಲಿ?

ಸುಮ್ನೆ ಇರಬೇಡಿ. 30ರಂದೇ ಬರೆಯಿರಿ, ಆದಷ್ಟು ಬೆಳಗ್ಗೆಯೇ. ‘ದಿನ ಇನ್ನೂ ಬಂದಿಲ್ಲ. ಫೆಬ್ರವರಿ 6ರವರೆಗೆ ಎರಡೂ ದಿನ ಹಿಡಿದಿಡಲು ಆಗುತ್ತದಾ? ಆಗದಿದ್ದರೆ ಒಂದನ್ನು ಅಥವಾ ಎರಡನ್ನೂ ಬಿಟ್ಟುಬಿಡಿ, ನಮಗೆ ಅರ್ಥವಾಗುತ್ತದೆ.’ ಇದನ್ನು ಒಂದು ಸಲ ಮಾಡಬಹುದು. ಎರಡನೇ ಸಲ ಮುಂದೂಡುವ ಸ್ಥಿತಿ ಬಂದರೆ ಸಮಿತಿಗೆ ಹೋಗಿ, ಅತಿಥಿಗಳು ಕೈಬಿಡುತ್ತಿದ್ದಾರೆ ಅಂತ ನೇರವಾಗಿ ಹೇಳಿ.

ಇನ್ನೊಂದು ದಾರಿಯೂ ಇದೆ. ಅದು ಹೆಚ್ಚು ಸಲ ಕೆಲಸ ಮಾಡುತ್ತದೆ. ನಾಲ್ವರ ಉತ್ತರವನ್ನೂ ಜೋಡಿಸಿ ನೋಡಿ. ನಮ್ಮ ಉದಾಹರಣೆಯಲ್ಲಿ ಇಬ್ಬರಿಗೆ ಎರಡೂ ದಿನ ಆಗುತ್ತದೆ, ಒಬ್ಬರಿಗೆ 12 ಮಾತ್ರ, ಇನ್ನೊಬ್ಬರೂ 12 ಆದರೆ ಅನುಕೂಲ ಅಂದಿದ್ದಾರೆ ಅಂತಿಟ್ಟುಕೊಳ್ಳಿ. ಇದನ್ನು ಸಮಿತಿಯ ಮುಂದಿಟ್ಟು ‘12 ಕೊಟ್ಟರೆ ನಾಲ್ವರೂ ಸಿಗುತ್ತಾರೆ, 13 ಆದರೆ ಒಬ್ಬರು ತಪ್ಪುತ್ತಾರೆ’ ಅಂತ ಕೇಳಿ. ದಿನ ಕೊಡಿ ಅಂತ ಬರೀ ಕೇಳುವುದಕ್ಕಿಂತ ಇದಕ್ಕೆ ಬೇಗ ಉತ್ತರ ಬರುತ್ತದೆ. ಇದನ್ನು ಜನವರಿ 16ರಂದು ಉತ್ತರಗಳು ಬಂದ ಕೂಡಲೇ ಮಾಡಬಹುದು, 30ರವರೆಗೆ ಕಾಯಬೇಕಿಲ್ಲ.

ಎಲ್ಲ ಗಟ್ಟಿಯಾಯಿತು. ಈಗ ಏನು ಕಳಿಸಬೇಕು?

ಒಂದೇ ಪತ್ರ, ಹಳೆಯ ಪತ್ರಗಳನ್ನು ಹುಡುಕುವ ಅಗತ್ಯವೇ ಇಲ್ಲದಂತೆ. ದಿನ ಮತ್ತು ವಾರ, ಎರಡು ಬಗೆಯ ಸಮಯ, ಅವಧಿ, ಅವರ ಮಾತಿನ ಪಾಲು, ಉಳಿದವರ ಹೆಸರು, ಪೂರ್ವಸಿದ್ಧತೆ ಕರೆಯ ದಿನ, ಆನ್‌ಲೈನ್ ಆದರೆ ಲಿಂಕ್ ಮತ್ತು 20 ನಿಮಿಷ ಮೊದಲು ಸೇರುವ ವಿನಂತಿ, ಬರುವುದಾದರೆ ಟಿಕೆಟ್ ಮತ್ತು ವಸತಿ, ಅವತ್ತು ಫೋನ್ ಮಾಡಬೇಕಾದ ಒಬ್ಬರ ನಂಬರ್. ಆಮೇಲೆ ಮೊದಲ ಪತ್ರಕ್ಕಿಂತ ಬದಲಾಗಿರುವುದು ಏನಾದರೂ ಇದ್ದರೆ ಅದನ್ನು ಮೇಲೆಯೇ, ಮೊದಲ ಸಾಲಿನಲ್ಲಿ ಹೇಳಿ. ಪತ್ರದ ನಡುವೆ ಅಡಗಿಸಬೇಡಿ.

ಇದಕ್ಕೆ ‘ಸರಿ’ ಅಂತ ಒಂದು ಉತ್ತರ ಕೇಳಿ. ಕ್ಯಾಲೆಂಡರ್‌ನಲ್ಲಿ ಒತ್ತಿದ ಒಪ್ಪಿಗೆಯನ್ನೇ ನಂಬಬೇಡಿ. ಅದನ್ನು ಅವರ ಸಹಾಯಕರು ಒತ್ತಿರಬಹುದು.

ಗಟ್ಟಿ ಮಾಡಿದ ಮೇಲೆ ಅವಧಿ 60ರಿಂದ 45ಕ್ಕೆ ಇಳಿದರೆ?

ಆ ದಿನವೇ ಹೇಳಿ, ಹೊಸ ಮಾತಿನ ಪಾಲಿನ ಜೊತೆಗೆ: ‘8 ನಿಮಿಷ ಅಂದಿದ್ದೆವು, ಈಗ 6.’ ಮೊದಲ ಪತ್ರದಲ್ಲಿ 6ರಿಂದ 8 ಅಂತ ಬರೆದಿದ್ದರೆ ಇದು ಅವರಿಗೆ ಹೊಸ ಸುದ್ದಿಯೇನಲ್ಲ. ದಿನ ಬದಲಾದರೆ ಮಾತ್ರ ಫೋನ್ ಮಾಡಿ, ಪತ್ರ ಆಮೇಲೆ. ಅವರಿಗೆ ಹೊಸ ದಿನ ಆಗದಿದ್ದರೆ ತಪ್ಪು ಅವರದಲ್ಲ, ಟಿಕೆಟ್ ರದ್ದಾದ ನಷ್ಟವೂ ಅವರ ಮೇಲೆ ಬೀಳಬಾರದು. ಆನ್‌ಲೈನ್‌ನಲ್ಲಿ ಸೇರಲು ಆಗುತ್ತದಾ ಅಂತ ಕೇಳಿ. ಅದೂ ಆಗದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಬರೆಯಿರಿ. ಈ ಸಲ ಆ ಪತ್ರದಲ್ಲಿ ತೀರ್ಮಾನವಾಗಬೇಕಾದದ್ದು ಏನೂ ಉಳಿದಿರುವುದಿಲ್ಲ. ಸಮಯ ಕಡಿಮೆ ಇದೆ ಅನ್ನುವುದನ್ನು ಮಾತ್ರ ಮುಚ್ಚಿಡದೆ ಹೇಳಿ.